ಬಾಂಡ್ ಬುಕ್ ವ್ಯಾಲ್ಯೂ ಕೊನೆಗೆ 10,00,815ಕ್ಕೆ ನಿಲ್ಲುತ್ತಿದೆ, ಮುಖಬೆಲೆಗೆ ಇಳಿಯುತ್ತಿಲ್ಲ

ಕಡತ_ಕಟ್ಟು: ಟ್ರಸ್ಟ್ ಒಂದರ ಲೆಕ್ಕ. ಮುಖಬೆಲೆ 10 ಲಕ್ಷ, ಕೂಪನ್ 8%, ಸೆಪ್ಟೆಂಬರ್ 30 ಮತ್ತು ಮಾರ್ಚ್ 31ಕ್ಕೆ ತಲಾ 40,000. 2024 ಮಾರ್ಚ್ 31ರಂದು 10,41,583.03 ಕೊಟ್ಟು ಕೊಂಡದ್ದು, 2029 ಮಾರ್ಚ್ 31ಕ್ಕೆ ಮೆಚ್ಯೂರಿಟಿ. ಬ್ರೋಕರ್ ಚೀಟಿಯಲ್ಲಿ ಯೀಲ್ಡ್ 7% ಎಂದಿದೆ. ಎಕ್ಸೆಲ್‌ನಲ್ಲಿ ವರ್ಷಕ್ಕೊಂದು ಸಾಲು ಹಾಕಿದ್ದೇನೆ. ಮೊದಲ ವರ್ಷ ಬಡ್ಡಿ 72,910.81, ಪ್ರೀಮಿಯಂನಲ್ಲಿ ಕಳೆದದ್ದು 7,089.19. ಐದನೇ ವರ್ಷದ ಕೊನೆಗೆ ಮಾತ್ರ 10,00,815 ಉಳಿಯುತ್ತದೆ. ಆ 815 ಅನ್ನು ಕೊನೆಯ ವರ್ಷ ಖರ್ಚಿಗೆ ಬರೆದು ಮುಗಿಸಬಹುದೇ?

ರೂಲ್‌ದೊಣ್ಣೆ: ಬರೆಯಬೇಡಿ, ದರವೇ ತಪ್ಪಿದೆ. ಚೀಟಿಯ 7% ಅರ್ಧವಾರ್ಷಿಕ ಚಕ್ರಬಡ್ಡಿಯದು. ವರ್ಷಕ್ಕೆ ತಂದರೆ 7.1225% ಆಗುತ್ತದೆ. ಅದನ್ನು ಹಾಕಿ ನೋಡಿ.

ಕಡತ_ಕಟ್ಟು: ಹಾಕಿದೆ ಸರ್. ಈಗ 10,08,071ಕ್ಕೆ ನಿಂತಿದೆ. ಇದ್ದದ್ದೂ ಕೆಟ್ಟಿತು.

ತಾಳೆಪಟ್ಟಿ: 7% ಅರ್ಧವಾರ್ಷಿಕ ದರ ಅನ್ನುವುದು ಸರಿ. ಆದರೆ ಸಾಲುಗಳು ವರ್ಷಕ್ಕೊಂದೇ ಇರುವವರೆಗೆ ಈ ಎರಡರಲ್ಲಿ ಯಾವ ದರ ಹಾಕಿದರೂ ಪ್ರಯೋಜನವಿಲ್ಲ. ನಿಮ್ಮ ಪಟ್ಟಿಯ ಪ್ರಕಾರ 80,000 ಪೂರ್ತಿ ಮಾರ್ಚ್‌ನಲ್ಲೇ ಬರುತ್ತದೆ. ನಿಜಕ್ಕೆ ಅರ್ಧ ಹಣ ಸೆಪ್ಟೆಂಬರ್‌ನಲ್ಲೇ ಕೈಸೇರಿ ಬುಕ್ ವ್ಯಾಲ್ಯೂ ಆಗಲೇ ಇಳಿದಿರುತ್ತದೆ.

815 ಎಲ್ಲಿಂದ ಬಂತು ನೋಡಿ. ವರ್ಷಕ್ಕೊಮ್ಮೆ ಕೂಪನ್ ಕೊಡುವ ಇಂಥದ್ದೇ ಬಾಂಡಿಗೆ 7%ರಲ್ಲಿ ಬೆಲೆ 10,41,002. ನೀವು ಅದಕ್ಕಿಂತ 581 ಹೆಚ್ಚು ಕೊಟ್ಟಿದ್ದೀರಿ. ಆ 581 ಪಟ್ಟಿಯಲ್ಲಿ ಐದು ವರ್ಷ 7%ರಂತೆ ಬೆಳೆದು 815 ಆಗಿದೆ. ಕೊನೆಯಲ್ಲಿ ಏನೇ ಉಳಿದರೂ ಅದೇ ದರದಲ್ಲಿ ಹಿಂದಕ್ಕೆ ಇಳಿಸಿ, ಮೊದಲ ದಿನ ಎಷ್ಟು ತಾಳೆಯಾಗಿಲ್ಲ ಎಂಬುದು ಸಿಕ್ಕಿಬಿಡುತ್ತದೆ.

ಹತ್ತು ಸಾಲು ಮಾಡಿ. ಚೀಟಿಯ ದರ ನಂಬಬೇಡಿ, ಕೊಟ್ಟ ಹಣದಿಂದಲೇ ತೆಗೆಯಿರಿ:

```
B1: 1041583.03
B2: 40000
B3: =RATE(10,B2,-B1,1000000)
A6: =B1
B6: =A6*$B$3
C6: =$B$2-B6
D6: =A6-C6
A7: =D6
```

B3ಯಲ್ಲಿ 3.5% ಬರಬೇಕು. ಮೊದಲ ಸೆಪ್ಟೆಂಬರ್‌ಗೆ ಬ್ಯಾಂಕ್ ಖಾತೆಗೆ 40,000 ಡೆಬಿಟ್; ಬಡ್ಡಿ ಆದಾಯಕ್ಕೆ 36,455.41, ಹೂಡಿಕೆ ಖಾತೆಗೆ 3,544.59 ಕ್ರೆಡಿಟ್. ಮಾರ್ಚ್‌ನಲ್ಲಿ ಕಳೆಯುವುದು 3,668.66. ಹಾಗಾಗಿ 2025ರ ಮಾರ್ಚ್ 31ಕ್ಕೆ ಬುಕ್ ವ್ಯಾಲ್ಯೂ 10,34,369.78. ಮುಂದಿನ ಮಾರ್ಚ್‌ಗಳಲ್ಲಿ 10,26,642.77, 10,18,365.40, 10,09,498.47, ಕೊನೆಗೆ 10,00,000. ಕಳೆಯುವ ಮೊತ್ತ ಪ್ರತಿ ಸಾಲಿನಲ್ಲೂ ಏರುತ್ತಾ ಹೋಗಬೇಕು. ಇಳಿಯುತ್ತಿದ್ದರೆ ಎಲ್ಲೋ ಸೆಲ್ ತಪ್ಪಿದೆ ಎಂದೇ ಅರ್ಥ.

ಪಡಸಾಲೆ: ನನ್ನದೂ ಮುಖಬೆಲೆಗೆ ಬರುತ್ತಿಲ್ಲ. 8%ರ ಸರ್ಕಾರಿ ಬಾಂಡ್, 10 ಲಕ್ಷದ್ದು. ಕೂಪನ್ ಆಗಿ 60 ದಿನಕ್ಕೆ ಕೊಂಡದ್ದು. ನನಗೂ ಹತ್ತು ಸಾಲು ಮಾಡಿದರೆ ಸಾಕಲ್ಲವೇ?

ತಾಳೆಪಟ್ಟಿ: ಸಾಲದು, ನಿಮ್ಮದು ಬೇರೆ ರೋಗ. ಕೊಟ್ಟ ಹಣದಲ್ಲಿ 60 ದಿನದ ಬಡ್ಡಿಯೂ ಸೇರಿರುತ್ತದೆ. ಇಲ್ಲಿನ ಸರ್ಕಾರಿ ಬಾಂಡಿಗೆ ತಿಂಗಳು 30, ವರ್ಷ 360 ದಿನ ಲೆಕ್ಕ, ಅಂದರೆ 13,333.33. ಅದು ಪ್ರೀಮಿಯಂ ಅಲ್ಲ. ಬರಬೇಕಾದ ಬಡ್ಡಿ ಎಂದು ಬೇರೆ ಖಾತೆಗೆ ಡೆಬಿಟ್ ಮಾಡಿ, ಮೊದಲ ಕೂಪನ್ ಬಂದಾಗ ಅದರಿಂದಲೇ ಚುಕ್ತಾ ಮಾಡಿ. ನಿಮ್ಮ ಮೊದಲ ಅವಧಿ ತುಂಡು, ಅದಕ್ಕೆ `RATE` ಬಾರದು. `YIELD` ಬಳಸಿ, ಬೆಲೆಯ ಜಾಗದಲ್ಲಿ ಬಡ್ಡಿ ಬಿಟ್ಟ ಬೆಲೆಯನ್ನು 100 ರೂಪಾಯಿ ಮುಖಬೆಲೆಗೆ ಇಷ್ಟು ಎಂದು ಹಾಕಿ.

ಸೀದಾಲೆಕ್ಕ: ಇಷ್ಟೆಲ್ಲ ಯಾಕೆ? 41,583ನ್ನು ಐದರಿಂದ ಭಾಗಿಸಿದರೆ ವರ್ಷಕ್ಕೆ 8,316.61. ಆಯ್ತು.

ತಾಳೆಪಟ್ಟಿ: ಮುಖಬೆಲೆಗೆ ಅದೂ ಬಂದು ಸೇರುತ್ತದೆ. ಆದರೆ ಮೊದಲ ವರ್ಷ ಆದಾಯ 1,103 ರೂಪಾಯಿ ಕಡಿಮೆ ಕಾಣುತ್ತದೆ, ಮೊದಲ ವರ್ಷಗಳಲ್ಲಿ ಕಡಿಮೆಯಾದದ್ದೆಲ್ಲ ಕೊನೆಯ ವರ್ಷಗಳಲ್ಲಿ ತಿರುಗಿ ಬರುತ್ತದೆ. ಇಂಡ್ ಎಎಸ್ 109ರಂತೆ ಲೆಕ್ಕ ಬರೆಯುವವರಿಗೆ ಈ ದಾರಿ ಇಲ್ಲ. ಟ್ರಸ್ಟ್ ಆದರೆ ಆಡಿಟರ್ ಒಪ್ಪಿದ್ದನ್ನು ಹಿಡಿಯಿರಿ, ನಡುವೆ ವಿಧಾನ ಬದಲಿಸಬೇಡಿ. ಸಣ್ಣ ಮೊತ್ತಕ್ಕೆ ನನ್ನ ತಕರಾರಿಲ್ಲ.

ರೂಲ್‌ದೊಣ್ಣೆ: ಕೂಪನ್ ಜೂನ್ 15ಕ್ಕೆ ಬೀಳುವ ಬಾಂಡಿದ್ದರೆ ಮಾರ್ಚ್ 31ಕ್ಕೆ ಆ ಸಾಲನ್ನು ದಿನದ ಲೆಕ್ಕದಲ್ಲಿ ಹಂಚಿಬಿಡುತ್ತೇನೆ. ಚಕ್ರಬಡ್ಡಿಯಲ್ಲೇ ಒಡೆಯಬೇಕು ಅಂತ ಒಬ್ಬರು ಹಟ ಹಿಡಿದಿದ್ದಾರೆ.

ತಾಳೆಪಟ್ಟಿ: ಹಟ ಹಿಡಿದವರದೇ ಸೂತ್ರಕ್ಕೆ ಹತ್ತಿರ. ವ್ಯತ್ಯಾಸ ಚಿಲ್ಲರೆ, ಜೂನ್‌ನಲ್ಲಿ ತಾನೇ ಸರಿಹೋಗುತ್ತದೆ.

ಕಡತ_ಕಟ್ಟು: ಹತ್ತು ಸಾಲು ಹಾಕಿದೆ. ಪ್ರತಿ ಸಾಲನ್ನೂ ಪೈಸೆಗೆ ರೌಂಡ್ ಮಾಡಿದ್ದಕ್ಕೆ ಕೊನೆಗೆ 10,00,000.02 ಬಂತು. ಆ 2 ಪೈಸೆ ಕೊನೆಯ ಸಾಲಿಗೆ ಸೇರಿಸಿದ್ದೇನೆ. ಬ್ರೋಕರೇಜ್ 1,500 ಬೇರೆ ಬಿಲ್‌ನಲ್ಲಿ ಸಿಕ್ಕಿತು, ಅದನ್ನು B1ಗೆ ಕೂಡಿಸಬೇಕೇ?

ತಾಳೆಪಟ್ಟಿ: ಕೊಂಡ ವೆಚ್ಚವೇ ಅದು, ಕೂಡಿಸಿ. B3 3.5ಕ್ಕಿಂತ ಚೂರು ಇಳಿಯುತ್ತದೆ. ಅಲ್ಲಿ 0.035 ಅಂತ ಕೈಯಲ್ಲಿ ಟೈಪ್ ಮಾಡಿಟ್ಟಿದ್ದರೆ ಮತ್ತೆ ಕೊನೆಯಲ್ಲಿ ಬಾಕಿ ಉಳಿಯುತ್ತದೆ, ನೋಡಿಕೊಳ್ಳಿ.