ಇಂಗ್ಲಿಷಲ್ಲಿ ಕಾಳು ಹಾಕೋದು ಹೇಗೆ? ಅನುಭವ ಇರೋರು ಹೇಳಿ

ಹಾಸನದ ಹೈದ: ಆಫೀಸಲ್ಲಿ ಪುಣೆ ಕಡೆಯ ಹುಡುಗಿ. ಅವಳಿಗೆ ಕನ್ನಡ ಬರಲ್ಲ, ನನಗೆ ಹಿಂದಿ ಬರಲ್ಲ, ಇಂಗ್ಲಿಷೇ ಗತಿ. ಕೆಲಸದ ಮಾತು ಸಲೀಸು. ಮನಸ್ಸಿನ ಮಾತು ಬಂದ್ರೆ ಕನ್ನಡದಲ್ಲಿ ಯೋಚಿಸಿ ತರ್ಜುಮೆ ಮಾಡ್ತೀನಿ, ಅವಳು ನಗ್ತಾಳೆ. ಶನಿವಾರ ಕಾಫಿಗೆ ಕರೀಬೇಕು. ಏನಂತ ಕರೀಲಿ?

ಬನಶಂಕರಿ ಬಡಪಾಯಿ: ಮೊದಲು ನನ್ನ ಕಥೆ ಕೇಳಿ. 2019. ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ 8,500 ಕಟ್ಟಿದ್ದೆ, ಪುಸ್ತಕಕ್ಕೆ ಬೇರೆ 450. ಅಮೆರಿಕದಲ್ಲೇ ಹುಟ್ಟಿ ಬೆಳೆದ ತೆಲುಗು ಹುಡುಗಿ ಆರು ತಿಂಗಳಿಗೆ ಅಂತ ನಮ್ಮ ಟೀಮಿಗೆ ಬಂದಿದ್ಲು. ಇಂದಿರಾನಗರದಲ್ಲಿ ಎರಡು ಕಾಫಿ, ಒಂದು ಕೇಕು, 910 ರೂಪಾಯಿ. ಲಕ್ಷಣವಾಗಿದೀಯ ಅನ್ನೋಕೆ ‘ಯು ಆರ್ ಲುಕಿಂಗ್ ವೆರಿ ಹೋಮ್ಲಿ’ ಅಂದೆ. ನಮ್ಮ ವಧು-ವರರ ಜಾಹೀರಾತಲ್ಲೆಲ್ಲ ಅದೇ ಪದ ತಾನೆ? ಅಮೆರಿಕದಲ್ಲಿ ಹೋಮ್ಲಿ ಅಂದ್ರೆ ನೋಡೋಕೆ ಚೆನ್ನಾಗಿಲ್ಲ ಅಂತ! ಅವಳು ಚಮಚ ಕೆಳಗಿಟ್ಟು ‘ವಾವ್, ಥ್ಯಾಂಕ್ಸ್’ ಅಂದ್ಲು. ಖುಷಿಯಾಗಿದಾಳೆ ಅಂದ್ಕೊಂಡು ರಾತ್ರಿ ಅದನ್ನೇ ಮೆಸೇಜಲ್ಲೂ ಕಳಿಸಿದೆ. ವಾಪಸ್ ಆಟೋಗೆ 280. ಒಟ್ಟು ಎಷ್ಟಾಯ್ತು ನೀವೇ ಕೂಡಿ.

ಮಲ್ಲೇಶ್ವರದ ಮೇಡಂ: ನಾನು ಹದಿನಾಲ್ಕು ವರ್ಷದಿಂದ ದೊಡ್ಡವರಿಗೆ ಇಂಗ್ಲಿಷ್ ಹೇಳಿಕೊಡ್ತಿದೀನಿ. ನಮ್ಮ ಯಜಮಾನ್ರು ಬಂಗಾಳಿ, ನಮ್ಮ ಪ್ರೀತಿ ನಡೆದಿದ್ದೇ ಇಂಗ್ಲಿಷಲ್ಲಿ. ಕಷ್ಟ ಕೊಡೋದು ದೊಡ್ಡ ಪದಗಳಲ್ಲ, ನಮ್ಮ ಸಣ್ಣ ಪದಗಳು. ‘ಸುಮ್ನೆ ಮೆಸೇಜ್ ಮಾಡ್ದೆ’ ಅನ್ನೋದರಲ್ಲಿ ನಮಗೆ ಎಷ್ಟು ಸಲುಗೆ ಇದೆ! ‘ಸಿಂಪ್ಲಿ ಐ ಮೆಸೇಜ್ಡ್’ ಅಂದ ಕೂಡಲೇ ಅದು ಸತ್ತುಹೋಗುತ್ತೆ. ‘ಜಸ್ಟ್ ವಾಂಟೆಡ್ ಟು ಸೇ ಹಾಯ್’ ಅನ್ನಿ, ಸಲುಗೆ ಉಳಿಯುತ್ತೆ.

ಕರೆಯೋದೂ ಹಾಗೇ. ‘ಕಾಫಿಗೆ ಬರ್ತೀರಾ?’ ಮೆತ್ತಗಿದೆ, ಯಾಕಂದ್ರೆ ಆ ‘ಈರಾ’ದಲ್ಲೇ ಮರ್ಯಾದೆ ಇದೆ. ‘ವಿಲ್ ಯು ಕಮ್ ಫಾರ್ ಕಾಫಿ?’ ಅಂದಾಗ ಮರ್ಯಾದೆ ಉದುರಿ ಹಾಜರಾತಿ ಕೇಳಿದ ಹಾಗಾಗುತ್ತೆ. ಅದನ್ನ ಸರಿಮಾಡೋಕೆ ಜನ ‘ಕೈಂಡ್ಲಿ’ ಸೇರಿಸ್ತಾರೆ, ಆಗ ಬ್ಯಾಂಕಿನ ನೋಟಿಸ್. ‘ವಾಂಟ್ ಟು ಗೆಟ್ ಕಾಫಿ ಆನ್ ಸ್ಯಾಟರ್ಡೇ?’ ಇಷ್ಟೇ ಸಾಕು. ‘ಸ್ಯಾಟರ್ಡೇ ಆಗಲ್ಲ, ಸಂಡೇ?’ ಅಂದ್ರೆ ಮನಸ್ಸಿದೆ. ‘ಮೇಬಿ, ಲೆಟ್ಸ್ ಸೀ’ ಅಂದು ಬೇರೆ ದಿನ ಹೇಳದಿದ್ರೆ ಅಲ್ಲಿಗೇ ಬಿಡಿ. ಒಂದೇ ಆಫೀಸು, ಎರಡನೇ ಸಲ ಕೇಳಬೇಡಿ.

ಶಾರ್ಟ್‌ಕಟ್ ಸೀನ: ಇಷ್ಟುದ್ದ ಪಾಠ ಬೇಕಾ? ಒಂದೇ ಸೂತ್ರ: ‘ಇಂಗ್’ ಕಿತ್ತಾಕಿ. ‘ಐ ಆಮ್ ಲೈಕಿಂಗ್ ಯು’ ತಪ್ಪು, ‘ಐ ಲೈಕ್ ಯು’ ಸರಿ. ‘ಇಷ್ಟಪಡ್ತಾ ಇದೀನಿ’ ಅನ್ನೋದರಿಂದ ಬಂದ ರೋಗ ಅದು. ನಾನು ಕಿತ್ತಾಕಿದೆ, ಈಗ ಮದುವೆಯಾಗಿ ಮೂರು ವರ್ಷ.

ಮಲ್ಲೇಶ್ವರದ ಮೇಡಂ: ಲೈಕ್‌ಗೆ ಸರಿ. ಎಲ್ಲದಕ್ಕೂ ಕಿತ್ತರೆ ಹೇಗೆ ಸೀನಣ್ಣ? ‘ಐ ವಾಸ್ ಥಿಂಕಿಂಗ್, ಮೇಬಿ ಕಾಫಿ ಸಮ್‌ಟೈಮ್?’ ಇದರಲ್ಲಿ ಮಾತು ಮೆದು ಆಗಿರೋದೇ ಆ ಇಂಗ್‌ನಿಂದ. ‘ಬೇಡ’ ಅನ್ನೋಕೆ ಎದುರಿನವರಿಗೆ ಜಾಗ ಸಿಗುತ್ತೆ.

ಶಾರ್ಟ್‌ಕಟ್ ಸೀನ: ನನ್ನ ಹೆಂಡತಿ ಒಪ್ಪಿದ್ದು ಇಂಗ್ ಇಲ್ಲದೇನೇ ಮೇಡಂ.

ಬನಶಂಕರಿ ಬಡಪಾಯಿ: ನಿಮ್ಮ ಹೆಂಡತಿ ಮಂಡ್ಯದವರು ಅಂತ ಹೋದ ವಾರ ನೀವೇ ಬರೆದಿದ್ರಿ. ಇಂಗ್ಲಿಷ್ ಎಲ್ಲಿಂದ ಬಂತು?

ಶಾರ್ಟ್‌ಕಟ್ ಸೀನ: ಮಂಡ್ಯದವರು ಇಂಗ್ಲಿಷ್ ಮಾತಾಡಬಾರದಾ? 910 ರೂಪಾಯಿ ಕೊಟ್ಟು ಹುಡುಗೀನ ಕುರೂಪಿ ಅಂದವರು ನನಗೆ ಹೇಳ್ತೀರಾ!

ಕನ್ನಡದ ಕಟ್ಟಾಳು: ಎಲ್ಲರೂ ದಾರಿ ತಪ್ಪಿದೀರಿ. ಬೆಂಗಳೂರಿಗೆ ಬಂದವರು ಅವರು, ಕಲೀಬೇಕಾದ್ದೂ ಅವರೇ. ನಾನು ನನ್ನ ಮಲಯಾಳಿ ಗೆಳತಿಗೆ ದಿನಕ್ಕೆ ಐದು ಪದ ಕಲಿಸಿದೆ.

ಹಾಸನದ ಹೈದ: ಆಮೇಲೆ?

ಕನ್ನಡದ ಕಟ್ಟಾಳು: ಕನ್ನಡ ಚೆನ್ನಾಗಿ ಬಂತು. ನಮ್ಮ ಮ್ಯಾನೇಜರ್‌ನ ಮದುವೆಯಾದ್ಲು.

ಜೆ.ಪಿ. ನಗರದ ಜಾನಕಿ: ಹುಡುಗಿ ಕಡೆಯಿಂದ ನಾನೊಂದು ಹೇಳ್ತೀನಿ. ನಮ್ಮವನೊಬ್ಬ ದಿನಾ ಮೂರು ಹೊತ್ತು ‘ಹ್ಯಾಡ್ ಯುವರ್ ಲಂಚ್?’ ‘ಹ್ಯಾಡ್ ಯುವರ್ ಡಿನ್ನರ್?’ ಅಂತ ಕಳಿಸ್ತಿದ್ದ. ನನಗೆ ‘ಊಟ ಆಯ್ತಾ’ ಅಂತಲೇ ಕೇಳ್ತಿತ್ತು, ಇಷ್ಟಾನೂ ಆಗ್ತಿತ್ತು. ನನ್ನ ಚಂಡೀಗಢದ ರೂಮ್‌ಮೇಟಿಗೆ ಕಳಿಸಿದ್ರೆ, ಹಾಸ್ಟೆಲ್ ವಾರ್ಡನ್ನಾ ಇವನು ಅಂತಿದ್ಲು. ಆಮೇಲೆ ಅವನು ಒಂದೇ ಸಾಲು ಕಳಿಸಿದ: ‘ಏಟ್ ಅ ಟೆರಿಬಲ್ ದೋಸೆ, ಥಾಟ್ ಆಫ್ ಯು.’ ಅವಳು ಒಂದು ಗಂಟೆ ನಕ್ಕಳು.

ಮಲ್ಲೇಶ್ವರದ ಮೇಡಂ: ಕೆಟ್ಟ ದೋಸೆ ತಿಂದು ನೆನಪಾದೆ ಅಂದ್ರೆ ಕೆಲವರಿಗೆ ಬೇಜಾರೂ ಆಗಬಹುದು. ಮೊದಲೇ ತಮಾಷೆ ನಡೀತಿದ್ರೆ ಮಾತ್ರ.

ಶಾರ್ಟ್‌ಕಟ್ ಸೀನ: ಬೆಂಗಳೂರಲ್ಲಿ ಕೆಟ್ಟ ದೋಸೆ ಎಲ್ಲಿ ಸಿಕ್ತು? ಅಂಗಡಿ ಯಾವ ಏರಿಯಾ?

ಬನಶಂಕರಿ ಬಡಪಾಯಿ: ನಮ್ಮ ರೋಡಿಗೆ ಬನ್ನಿ, ಮೂರಿದೆ.

ಹಾಸನದ ಹೈದ: ಮೇಡಂ ಹೇಳಿದ್ದನ್ನ ಕಳಿಸೋಕೆ ಹೋಗಿ, ಹೆದರಿಕೆಗೆ ಕೊನೆಗೆ ‘ಬೈ ಟು ಓನ್ಲಿ’ ಅಂತ ಸೇರಿಸಿಬಿಟ್ಟೆ. ‘ವಾಟ್ಸ್ ಬೈ ಟು?’ ಅಂತ ಬಂದಿದೆ. ಏನಂತ ಉತ್ತರ ಕೊಡ್ಲಿ?

ಜೆ.ಪಿ. ನಗರದ ಜಾನಕಿ: ‘ಕಮ್ ಆನ್ ಸ್ಯಾಟರ್ಡೇ, ಐ’ಲ್ ಶೋ ಯು.’ ಬೇಗ ಕಳಿಸಿ, ಇವರ ಜಗಳ ಮುಗಿಯೋ ತನಕ ಕಾಯಬೇಡಿ.