ಗ್ಲುಕೋಮೀಟರ್ HI ಎಂದಾಗ: ಮತ್ತೊಂದು ಸ್ಟ್ರಿಪ್ ಹಾಕುವ ಮುನ್ನ

ಪ್ರಶ್ನೆ (ಸೋಮವಾರಪೇಟೆಯ ಸದಸ್ಯೆ): ನಿನ್ನೆ ಸಂಜೆ ಅತ್ತೆಯವರ ಸಕ್ಕರೆ ನೋಡಿದಾಗ ಮೀಟರ್ HI ಎಂದು ತೋರಿಸಿತು. ಕೂಡಲೇ ಇನ್ನೊಂದು ಸ್ಟ್ರಿಪ್ ಹಾಕಿದೆ, Er ಬಂತು. ಬೆರಳನ್ನು ಸ್ಪಿರಿಟ್‌ನಿಂದ ಒರೆಸಿ ಮೂರನೆಯದನ್ನು ಹಾಕಿದಾಗ 286 ಬಂತು. ಅವರಿಗೆ ಸುಸ್ತಾಗಲಿ ಬಾಯಾರಿಕೆಯಾಗಲಿ ಇರಲಿಲ್ಲ, ಕಿತ್ತಳೆ ಸುಲಿಯುತ್ತಾ ಕುಳಿತಿದ್ದರು. ಯಾವುದನ್ನು ನಂಬಬೇಕು? ಇನ್ಸುಲಿನ್ ಹೆಚ್ಚಿಸಬೇಕೆ?

ವಿರಾಜಪೇಟೆಯ ಸದಸ್ಯರು: ಕಿತ್ತಳೆಯ ರಸವೇ ಕಾರಣ. ಸ್ಪಿರಿಟ್ ಹಚ್ಚಿದ ಮೇಲೆ ಅದು ಹೋಗಿರುತ್ತದೆ, ಆದ್ದರಿಂದ 286 ಸರಿಯಾದ ಸಂಖ್ಯೆ. ಅದರ ಪ್ರಕಾರವೇ ಇನ್ಸುಲಿನ್ ಕೊಡಬಹುದು.

ಉತ್ತರ (ಮಧುಮೇಹ ವಿಭಾಗದ ನರ್ಸ್): ಕಿತ್ತಳೆಯ ವಿಷಯದಲ್ಲಿ ವಿರಾಜಪೇಟೆಯವರ ಊಹೆ ಸರಿ, ಆದರೆ ಸ್ಪಿರಿಟ್ ಬಗ್ಗೆ ಹೇಳಿದ್ದನ್ನು ಒಪ್ಪಲಾರೆ. ಹಣ್ಣು ಸುಲಿದ ಬೆರಳಿನ ಮೇಲೆ ಉಳಿಯುವ ಸಕ್ಕರೆ, ಸ್ಪಿರಿಟ್ ಹತ್ತಿಯಿಂದ ಹಲವು ಸಲ ಒರೆಸಿದರೂ ಪೂರ್ತಿ ಹೋಗುವುದಿಲ್ಲವೆಂದೂ, ನಲ್ಲಿಯ ನೀರಿನಲ್ಲಿ ಕೈ ತೊಳೆದಾಗ ಹೋಗುತ್ತದೆಂದೂ ಪರೀಕ್ಷೆಗಳಲ್ಲಿ ಕಂಡುಬಂದಿದೆ. ಮೀಟರ್ ಪರೀಕ್ಷಿಸುವ ಹನಿ ಬಹಳ ಚಿಕ್ಕದು; ಅದರೊಳಗೆ ರಸದ ಅಂಶ ಸ್ವಲ್ಪ ಬೆರೆತರೂ ಸಂಖ್ಯೆ ಏರಿಬಿಡುತ್ತದೆ. ಹಾಗಾಗಿ 286 ಕೂಡ ನಿಜಕ್ಕಿಂತ ಹೆಚ್ಚಿರಬಹುದು, ಅದನ್ನು ಆಧಾರವಾಗಿಟ್ಟು ಇನ್ಸುಲಿನ್ ಹೆಚ್ಚಿಸಬೇಡಿ. ಇಲ್ಲದ ಸಕ್ಕರೆಗೆ ಕೊಟ್ಟ ಇನ್ಸುಲಿನ್ ರಾತ್ರಿ ನಿದ್ದೆಯಲ್ಲಿ ಸಕ್ಕರೆಯನ್ನು ಅಪಾಯಕಾರಿಯಾಗಿ ಇಳಿಸಬಲ್ಲದು.

ಹೆಚ್ಚಿನ ಮೀಟರ್‌ಗಳಲ್ಲಿ HI ಎಂದರೆ 600ಕ್ಕಿಂತ ಮೇಲೆ, LO ಎಂದರೆ 20ಕ್ಕಿಂತ ಕೆಳಗೆ ಎಂದರ್ಥ. ನಿಮ್ಮ ಮೀಟರ್‌ನ ಮಿತಿ ಅದರ ಕೈಪಿಡಿಯಲ್ಲಿದೆ. ಸಕ್ಕರೆ ನಿಜಕ್ಕೂ ಅಷ್ಟು ಏರಿದವರಲ್ಲಿ ಸಾಮಾನ್ಯವಾಗಿ ವಿಪರೀತ ಬಾಯಾರಿಕೆ, ಪದೇಪದೇ ಮೂತ್ರ, ಮಂಕು ಕಾಣಿಸಿಕೊಳ್ಳುತ್ತವೆ. ಅತ್ತೆಯವರಲ್ಲಿ ಅವು ಇರಲಿಲ್ಲವೆಂಬುದು ಸಮಾಧಾನದ ಮಾತು, ಆದರೆ ಅಷ್ಟರಿಂದಲೇ HI ಸುಳ್ಳೆಂದು ತೀರ್ಮಾನಿಸುವಂತಿಲ್ಲ. ಸೋಪು ಹಚ್ಚಿ ಬೆಚ್ಚಗಿನ ನೀರಿನಲ್ಲಿ ಕೈ ತೊಳೆಸಿ, ಪೂರ್ತಿ ಒರೆಸಿ, ಬೇರೆ ಬೆರಳಿನಿಂದ ಹೊಸ ಸ್ಟ್ರಿಪ್ ಹಾಕಿ ನೋಡಬೇಕು. ಹಾಗೆ ತೊಳೆದ ಮೇಲೂ HI ಬಂದರೆ ಮೂರನೆಯ ಸ್ಟ್ರಿಪ್ ವ್ಯಯಿಸದೆ ಆಸ್ಪತ್ರೆಗೆ ಹೊರಡಿ. ವಾಂತಿ, ಜೋರಾದ ಉಸಿರು ಅಥವಾ ಮಂಪರು ಇದ್ದರೆ ಎರಡನೆಯ ಪರೀಕ್ಷೆಗೂ ಕಾಯಬೇಡಿ.

ನಡುವೆ ಬಂದ Er ಸಕ್ಕರೆಯ ಬಗ್ಗೆ ಏನನ್ನೂ ಹೇಳುವುದಿಲ್ಲ, ಪರೀಕ್ಷೆ ನಡೆಯಲಿಲ್ಲ ಎಂದಷ್ಟೇ ತಿಳಿಸುತ್ತದೆ. ಅದರ ಪಕ್ಕದ ಅಂಕೆಯ ಅರ್ಥ ಕಂಪನಿಯಿಂದ ಕಂಪನಿಗೆ ಬೇರೆ. ಗಾಬರಿಯಲ್ಲಿ ರಕ್ತ ಸಾಲದೆ ಹೋಗಿ, ಅದೇ ಸ್ಟ್ರಿಪ್‌ಗೆ ಇನ್ನೊಂದು ಹನಿ ಸೇರಿಸುವುದು ನಾನು ಹೆಚ್ಚಾಗಿ ಕಾಣುವ ಕಾರಣ. ಸ್ಟ್ರಿಪ್‌ಗಳ ಡಬ್ಬಿಯನ್ನು ಹೇಗೆ ಇಟ್ಟಿದ್ದೀರಿ ಎಂದೂ ತಿಳಿಸಿ.

ಮಡಿಕೇರಿಯ ಸದಸ್ಯರು: ನನಗೂ ಹೀಗೇ ಆಗಿದೆ, ಸಿಸ್ಟರ್. ಜನವರಿಯ ಬೆಳಿಗ್ಗೆ ಮೀಟರ್ ತೆಗೆದರೆ ಥರ್ಮಾಮೀಟರಿನ ಚಿತ್ರ ಬರುತ್ತದೆ. ಒಲೆಯ ಹತ್ತಿರ ಹಿಡಿದು ಬಿಸಿ ಮಾಡಿ ನೋಡುತ್ತೇನೆ.

ಉತ್ತರ: ನಿಮ್ಮದು ಬೇರೆ ತೊಂದರೆ. ಹಲವು ಮೀಟರ್‌ಗಳು ಸುಮಾರು 10ರಿಂದ 40 ಡಿಗ್ರಿಯೊಳಗೆ ಮಾತ್ರ ಕೆಲಸ ಮಾಡುತ್ತವೆ, ಚಳಿಯಲ್ಲಿ ಅದಕ್ಕಿಂತ ಕೆಳಗಾದಾಗ ಆ ಚಿತ್ರ ಬರುತ್ತದೆ. ಒಲೆಯ ಬಿಸಿ ಒಂದು ಭಾಗಕ್ಕೆ ಮಾತ್ರ ತಾಗುವುದರಿಂದ ಮೀಟರ್ ತಪ್ಪು ಅಂದಾಜಿಗೆ ಬರಬಹುದು. ಮೀಟರ್ ಮತ್ತು ಸ್ಟ್ರಿಪ್ ಎರಡನ್ನೂ ಬೆಚ್ಚಗಿನ ಕೋಣೆಯಲ್ಲಿ ಅರ್ಧ ಗಂಟೆ ಇಟ್ಟು ನಂತರ ಪರೀಕ್ಷಿಸಿ.

ಕುಶಾಲನಗರದ ಸದಸ್ಯೆ: LO ಬಂದರೂ ಹೀಗೆಯೇ ಕೈ ತೊಳೆದು ಮತ್ತೆ ನೋಡಿದರೆ ಸಾಕೇ?

ಉತ್ತರ: ಸಾಲದು, ಅಲ್ಲಿ ಕ್ರಮವೇ ತಿರುಗುತ್ತದೆ. ಬೆವರು, ನಡುಕ ಅಥವಾ ಗೊಂದಲವಿದ್ದರೆ ಮೊದಲು ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷದ ನಂತರ ಪರೀಕ್ಷಿಸಿ. ಪ್ರಜ್ಞೆ ಮಂಕಾಗಿ ನುಂಗಲಾಗದಿದ್ದರೆ ಬಾಯಿಗೆ ಏನೂ ಹಾಕದೆ ಆಂಬುಲೆನ್ಸ್ ಕರೆಯಿರಿ. ಲಕ್ಷಣಗಳೇ ಇಲ್ಲದಿದ್ದರೆ ಮಾತ್ರ ತಡಮಾಡದೆ ಹೊಸ ಸ್ಟ್ರಿಪ್‌ನಲ್ಲಿ ಇನ್ನೊಮ್ಮೆ ನೋಡಿ. ಆಗಲೂ ಅನುಮಾನ ಉಳಿದರೆ ಸಕ್ಕರೆ ಕೊಡುವುದೇ ಸುರಕ್ಷಿತ.

ಸೋಮವಾರಪೇಟೆಯ ಸದಸ್ಯೆ: ಸಿಸ್ಟರ್, ಈಗ ಕೈ ತೊಳೆಸಿ ನೋಡಿದೆ, 174 ಬಂತು. ಆದರೆ ಡಬ್ಬಿಯ ಮುಚ್ಚಳ ಸಡಿಲವಾಗಿದೆ, ಈ ಮಳೆಗಾಲದಲ್ಲಿ ಎಷ್ಟು ದಿನ ಹಾಗಿತ್ತೋ ಗೊತ್ತಿಲ್ಲ. ಅವಧಿ ಮುಗಿದಿಲ್ಲ.

ಉತ್ತರ: ನಿನ್ನೆಯ HIಗೆ ಕಿತ್ತಳೆಯೇ ಕಾರಣವಿರಬಹುದು, ಆದರೆ ಸ್ಟ್ರಿಪ್‌ಗಳಿಗೆ ತೇವ ತಾಗಿದ್ದರೆ ಈ 174 ಅನ್ನೂ ಖಚಿತವೆನ್ನಲಾರೆ. ಡಬ್ಬಿಯ ಮೇಲೆ ಅಚ್ಚಾದ ಅವಧಿ, ಬಿಗಿಯಾಗಿ ಮುಚ್ಚಿಟ್ಟಾಗ ಮಾತ್ರ ಅನ್ವಯಿಸುತ್ತದೆ. ಸ್ಟ್ರಿಪ್ ಪರೀಕ್ಷಿಸಲೆಂದೇ ಮಾಡಿದ, ಸಕ್ಕರೆಯ ಪ್ರಮಾಣ ಗೊತ್ತಿರುವ ಕಂಟ್ರೋಲ್ ಸೊಲ್ಯೂಷನ್ ಎಂಬ ದ್ರವ ಸಿಕ್ಕರೆ, ರಕ್ತದ ಬದಲು ಅದರ ಒಂದು ಹನಿಯನ್ನು ಸ್ಟ್ರಿಪ್‌ಗೆ ಹಾಕಿ, ಬಂದ ಸಂಖ್ಯೆ ಡಬ್ಬಿಯ ಮೇಲಿನ ಮಿತಿಯೊಳಗಿದೆಯೇ ನೋಡಿ.

ಸೋಮವಾರಪೇಟೆಯ ಸದಸ್ಯೆ: ಇಲ್ಲಿನ ಔಷಧಿ ಅಂಗಡಿಯಲ್ಲಿ ಅದು ಇಲ್ಲವಂತೆ.

ಉತ್ತರ: ಹಾಗಿದ್ದರೆ ಈ ಡಬ್ಬಿಯನ್ನು ಬದಿಗಿಟ್ಟು ಹೊಸದು ತೆರೆಯಿರಿ. ಅತ್ತೆಯವರು ಖಾಲಿ ಹೊಟ್ಟೆಯಲ್ಲಿ ಲ್ಯಾಬ್‌ಗೆ ರಕ್ತ ಕೊಡುವ ದಿನ ಮೀಟರ್ ಒಯ್ದು ಅಲ್ಲೇ ಬೆರಳಿನಿಂದಲೂ ನೋಡಿ. ಸಕ್ಕರೆ 100ರ ಮೇಲಿದ್ದಾಗ ಎರಡರ ನಡುವೆ ಶೇಕಡಾ 15ರವರೆಗಿನ ವ್ಯತ್ಯಾಸ ಸಹಜ. ಅಲ್ಲಿಯವರೆಗೆ ವೈದ್ಯರು ಬರೆದ ಇನ್ಸುಲಿನ್ ಪ್ರಮಾಣವನ್ನು ಅವರನ್ನು ಕೇಳದೆ ಬದಲಿಸಬೇಡಿ.