ಮದ್ದೂರು ಇನ್ನೂ ರೇಸಲ್ಲಿದೆಯಾ? ಸ್ಕ್ರೀನ್‌ಶಾಟ್ ನೋಡಿ ಹೇಳಿ

ಪ್ರಶ್ನೆ (ಮದ್ದೂರು ಟೀಮಿನ ಕೀಪರ್): ಅಣ್ಣ, ನಮ್ಮ 5 ಟೀಮಿನ 8 ಓವರ್ ಲೀಗಲ್ಲಿ ಮೊದಲ ಇಬ್ಬರು ಫೈನಲ್‌ಗೆ. ಟೇಬಲ್ ಹಿಂಗಿದೆ, ಕೊನೇದು ನೆಟ್ ರನ್‌ರೇಟ್:

ಮಂಡ್ಯ: 3 ಆಟ, 6 ಅಂಕ, +0.833
ಪಾಂಡವಪುರ: 3 ಆಟ, 2 ಅಂಕ, +0.125
ಮದ್ದೂರು: 3 ಆಟ, 2 ಅಂಕ, −0.250
ಮಳವಳ್ಳಿ: 2 ಆಟ, 2 ಅಂಕ, −0.313
ಶ್ರೀರಂಗಪಟ್ಟಣ: 3 ಆಟ, 2 ಅಂಕ, −0.500

ಉಳಿದಿರೋದು ಮದ್ದೂರು–ಮಳವಳ್ಳಿ, ಪಾಂಡವಪುರ–ಪಟ್ಟಣ, ಮಂಡ್ಯ–ಮಳವಳ್ಳಿ. ನಾವು ಏನು ಮಾಡಬೇಕು?

ಟೀಮಿನ ಹಳೇ ಕ್ಯಾಪ್ಟನ್: ನೀವು ಗೆದ್ದು, ಪಾಂಡವಪುರ, ಪಟ್ಟಣ ಎರಡೂ ಸೋತ್ರೆ ಆಯ್ತು ಕಣೋ.

ಲೀಗ್ ಸ್ಕೋರರ್: ಕ್ಯಾಪ್ಟನ್ ಸಾಹೇಬ್ರೆ, ಅವೆರಡೂ ಆಡೋದು ಒಂದಕ್ಕೊಂದು. ಎರಡೂ ಸೋಲೋದು ಹೆಂಗೆ?

ನಾನು ಮೊದಲು ಟೇಬಲ್ಲೇ ಸರಿಯಿದೆಯಾ ಅಂತ ನೋಡ್ತೀನಿ. ಆಟಗಳ ಮೊತ್ತ 14, ಅಂದ್ರೆ 7 ಪಂದ್ಯ. ಅಂಕದ ಮೊತ್ತವೂ 14. ಉಳಿದ 3 ಸೇರಿಸಿದ್ರೆ 10, ಐದು ಟೀಮಿಗೆ ಅಷ್ಟೇ ಆಗಬೇಕು. ಎಷ್ಟೋ ಸಲ ಹಿಂದಿನ ರಾತ್ರಿ ಪಂದ್ಯ ಸೇರಿರಲ್ಲ, ಇಲ್ಲಿ ಸೇರಿದೆ.

ಮಂಡ್ಯ ಆಗಲೇ ಒಳಗೆ. 6 ಅಂಕ ಮುಟ್ಟೋಕೆ ಆಗೋದು ಮಳವಳ್ಳಿಗೊಂದಕ್ಕೇ. ಪಾಂಡವಪುರ–ಪಟ್ಟಣದಲ್ಲಿ ಗೆದ್ದವರಿಗೆ 4 ಗ್ಯಾರಂಟಿ, ಹಂಗಾಗಿ ನೀವು ಸೋತ್ರೆ ಮನೆಗೆ. ಗೆದ್ರೂ 4ರಲ್ಲಿ ಸಮ, ಅಂಕದ ಮೇಲೇ ದಾಟೋಕೆ ಆಗಲ್ಲ. ಆ ಪಂದ್ಯ ಮಳೆಗೆ ಹೋಗಿ ಒಂದೊಂದು ಅಂಕ ಹಂಚಿಕೊಂಡ್ರೆ ಮಾತ್ರ ಅವರು 3ಕ್ಕೆ ನಿಲ್ತಾರೆ; ಆಗಲೂ ಮಳವಳ್ಳಿ ಮಂಡ್ಯವನ್ನ ಸೋಲಿಸಬಾರದು.

ಈಗ ರನ್‌ರೇಟ್, ಮಳವಳ್ಳಿ ಮಂಡ್ಯಕ್ಕೆ ಸೋಲುತ್ತೆ ಅಂತ ಹಿಡಿದು. ಎಲ್ಲಾ ಇನಿಂಗ್ಸೂ 8 ಓವರ್ ಅಂತ ಹಿಡಿದ್ರೆ ನೀವು 24 ಓವರಿಗೆ 6 ರನ್ ಹಿಂದೆ, ಪಾಂಡವಪುರ 3 ರನ್ ಮುಂದೆ, ಪಟ್ಟಣ 12 ಹಿಂದೆ. ಪಾಂಡವಪುರ ಗೆದ್ರೆ ನಿಮ್ಮ ಗೆಲುವಿನ ಅಂತರ ಅವರದಕ್ಕಿಂತ 10 ರನ್ ಹೆಚ್ಚಿರಬೇಕು. ಅವರು 1 ರನ್ನಲ್ಲಿ ಗೆದ್ರೆ ನೀವು 11ರಲ್ಲಿ. ಪಟ್ಟಣ ಗೆದ್ರೆ ಆರಾಮ: ಅವರ ಅಂತರ ನಿಮ್ಮದಕ್ಕಿಂತ 5 ರನ್ ಮೀರದಿದ್ರೆ ಸಾಕು.

ಗುಂಪಿನ ಇನ್ನೊಬ್ಬರು: 2024ರ ಮೇ 18, ಆರ್‌ಸಿಬಿ–ಸಿಎಸ್‌ಕೆ ನೆನಪಿದೆಯಾ? ಇಬ್ಬರದೂ 14 ಅಂಕ, 27 ರನ್ನಲ್ಲಿ ಗೆದ್ದು ಒಳಗೆ ಹೋದ್ವಿ. ಅವತ್ತು 18 ರನ್ ಬೇಕಿತ್ತು. ಇವರಿಗೂ 18 ಸಾಕಲ್ವಾ?

ಲೀಗ್ ಸ್ಕೋರರ್: ಆ 18 ಆ ಇಬ್ಬರ ಲೆಕ್ಕದಿಂದ ಬಂದಿದ್ದು ಸ್ವಾಮಿ, ಇಲ್ಲಿಗೆ ಎರವಲು ಬರಲ್ಲ.

ಕೀಪರ್: ಅಣ್ಣ, ಒಂದು ಪಂದ್ಯದಲ್ಲಿ ನಾವು 5 ಓವರಿಗೇ ಆಲೌಟ್ ಆಗಿದ್ವಿ.

ಲೀಗ್ ಸ್ಕೋರರ್: ಆಲೌಟ್ ಆದ್ರೆ 8 ಓವರೇ ಲೆಕ್ಕ. ಆ್ಯಪ್‌ಗೆ ಬರೆದವರು 5 ಅಂತ ಹಾಕಿದ್ರೆ ನಿಮ್ಮ −0.250 ಇರಬೇಕಾದ್ದಕ್ಕಿಂತ ಚೆನ್ನಾಗಿ ಕಾಣ್ತಿದೆ. ಚೇಸ್ ಬೇಗ ಮುಗಿಸಿದ ಪಂದ್ಯಕ್ಕೆ ಮಾತ್ರ ಆಡಿದ ಓವರ್, ಅಲ್ಲೂ ನನ್ನ ಅಂದಾಜು ಜಾರುತ್ತೆ. ಸ್ಕೋರ್‌ಬುಕ್ ಫೋಟೋ ಕಳಿಸಿ.

ಹಳೇ ಕ್ಯಾಪ್ಟನ್: ಅಂಕ ಸಮ ಆದ್ರೆ ಮೊದಲು ಪರಸ್ಪರ ಪಂದ್ಯ ನೋಡ್ತಾರೆ ಅಂದಿದ್ರು ಆಯೋಜಕರು.

ಲೀಗ್ ಸ್ಕೋರರ್: ಹಂಗಾದ್ರೆ ಎಲ್ಲಾ ತಲೆಕೆಳಗು! ಕೀಪರ್ ಸಾಹೇಬ್ರೆ, ನೀವು ಯಾರಿಗೆ ಸೋತಿದ್ದು?

ಕೀಪರ್: ಮಂಡ್ಯಕ್ಕೆ, ಪಟ್ಟಣಕ್ಕೆ. ಪಾಂಡವಪುರನ ಹೊಡೆದಿದ್ವಿ.

ಲೀಗ್ ಸ್ಕೋರರ್: ಆಗ ಪಾಂಡವಪುರ ಗೆಲ್ಲಲಿ ಅಂತ ಕೂಗಬೇಕು. ರನ್‌ರೇಟ್ ಆದ್ರೆ ಪಟ್ಟಣ ಗೆಲ್ಲಲಿ ಅಂತ. ನಿಯಮದ ಹಾಳೆ ಸಿಗೋವರೆಗೂ ಯಾರ ಕಡೆ ಕೂಗಬೇಕು ಅಂತ ನಾನು ಹೇಳಲ್ಲ.

ಕೀಪರ್: ಹಾಳೆ ಯಾರ ಹತ್ರಾನೂ ಇಲ್ವಂತೆ ಅಣ್ಣ. ಬೆಳಗ್ಗೆ ಹೋಗಿ ಕೇಳ್ತೀನಿ.